ಸಿಎ, ಎಸಿಸಿಎ, ಯುಎಸ್ ಸಿಪಿಎ: ವಿರಾಜಪೇಟೆಯಿಂದ ದುಬೈಗೆ ಹೊರಟವಳ ಹೋಲಿಕೆ

ನಾನು ಸಿಎಗೆ ಸೇರಿ ಅರ್ಧಕ್ಕೆ ಬಿಟ್ಟವಳು. ಬ್ರಿಟನ್ನಿನ ಅಕೌಂಟೆಂಟ್‌ಗಳ ಸಂಸ್ಥೆ ನಡೆಸುವ ಎಸಿಸಿಎ ಮುಗಿಸಿದೆ. ಸಿಎ ಥರದ್ದೇ ಆದ ಅಮೆರಿಕದ ಸಿಪಿಎಗೆ ಅರ್ಜಿ ಹಾಕುವ ತನಕ ಹೋಗಿ ವಾಪಸ್ ಬಂದೆ. ಈಗ ದುಬೈಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ರಜೆಗೆ ವಿರಾಜಪೇಟೆಗೆ ಬಂದಾಗ ಪಕ್ಕದ ತೋಟದ ಮನೆಯ ಹುಡುಗಿ ಕೇಳಿದಳು, "ಅಕ್ಕಾ, ಬಿ.ಕಾಂ. ಆಯ್ತು. ಹೊರಗೆ ಹೋಗ್ಬೇಕು ಅಂದ್ರೆ ಯಾವ್ದು ಓದ್ಲಿ?" ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವುದರಲ್ಲಿ ಏನು ಕಲಿಸುತ್ತಾರೆ ಅನ್ನುವುದಕ್ಕೆ ಮೊದಲು ನಮ್ಮ ಕಾಫಿಯನ್ನೇ ನೋಡಿ. ಬೆಳೆಗಾರರು ತಾವೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದರೆ, ಆ ಆದಾಯದಲ್ಲಿ 25 ಶೇಕಡಾ ವ್ಯಾಪಾರದ ಆದಾಯ, ಉಳಿದದ್ದು ಕೃಷಿ ಆದಾಯ. ಇದನ್ನು ಸಿಎ ಓದುವಾಗ ಕಲಿತೆ. ಊರಲ್ಲಿ ಆಫೀಸ್ ತೆರೆದರೆ ದಿನಾ ಬೇಕಾಗುವ ವಿಷಯ ಇದು. ದುಬೈಯಲ್ಲಿ ಯಾರೂ ಕೇಳುವುದಿಲ್ಲ. ಎಸಿಸಿಎಯಲ್ಲಿ ಅದೇ ಕಾಫಿ ಬೇರೆ ಥರ ಬಂತು. ಗಿಡವನ್ನು ಯಂತ್ರ, ಕಟ್ಟಡಗಳ ಜೊತೆ ಸ್ಥಿರ ಆಸ್ತಿಯಲ್ಲಿ ಸೇರಿಸಬೇಕು. ಗಿಡದ ಮೇಲಿರುವ ಹಣ್ಣನ್ನು ಬೇರೆಯಾಗಿ, ಇವತ್ತಿನ ಬೆಲೆಯಲ್ಲಿ ಮಾರಾಟದ ಖರ್ಚು ಕಳೆದು ತೋರಿಸಬೇಕು. ಇದು ಐಎಫ್ಆರ್ಎಸ್, ಅಂದರೆ ಹಲವು ದೇಶಗಳು ಒಪ್ಪಿಕೊಂಡಿರುವ ಲೆಕ್ಕದ ನಿಯಮ. ಕೀನ್ಯಾದ ಕಾಫಿ ಕಂಪನಿಗೂ ಇದೇ ಅನ್ವಯ. ಸಿಎಯಲ್ಲೂ ಇದಕ್ಕೆ ಹತ್ತಿರದ ಪಾಠ ಇದೆ, ಆದರೆ ಅಲ್ಲಿ ನಮ್ಮ ದೇಶದ ತೆರಿಗೆ, ಕಂಪನಿ ಕಾನೂನಿನ ಓದು ಜಾಸ್ತಿ. ಸಿಪಿಎ ಪೂರ್ತಿ ಅಮೆರಿಕದ ಲೆಕ್ಕ, ಅಮೆರಿಕದ ತೆರಿಗೆ.

ಪರೀಕ್ಷೆಯ ವಿಷಯಕ್ಕೆ ಬಂದರೆ ನನ್ನನ್ನು ಸೋಲಿಸಿದ್ದು ಸಿಎಯ ಗ್ರೂಪ್ ಪದ್ಧತಿ. ಪ್ರತಿ ಪೇಪರ್‌ನಲ್ಲಿ 40 ಬರಬೇಕು, ಒಟ್ಟಿನಲ್ಲಿ 50 ಶೇಕಡಾ ಆಗಬೇಕು. ಇಂಟರ್ ಎರಡನೇ ಗ್ರೂಪ್‌ನಲ್ಲಿ ನಾಲ್ಕೂ ಪೇಪರ್‌ನಲ್ಲಿ 40 ದಾಟಿದ್ದೆ. ಒಟ್ಟು 400ಕ್ಕೆ 193. ಏಳು ಅಂಕ ಕಡಿಮೆ. 60 ಬಂದ ಪೇಪರ್ ಆದರೆ ಮತ್ತೆ ಬರೆಯಬೇಕಿಲ್ಲ. ನನಗೆ ಒಂದರಲ್ಲೂ 60 ಬಂದಿರಲಿಲ್ಲ, ಹಾಗಾಗಿ ನಾಲ್ಕನ್ನೂ ಮತ್ತೆ ಬರೆಯಬೇಕಾಯಿತು. ಎರಡನೇ ಸಲವೂ ಹಾಗೇ ಆಯಿತು. ಈಗ ಗ್ರೂಪ್‌ಗೆ ಮೂರೇ ಪೇಪರ್, ಸಿಎ ಒಬ್ಬರ ಕೈಕೆಳಗೆ ಮಾಡುವ ತರಬೇತಿ, ಅಂದರೆ ಆರ್ಟಿಕಲ್‌ಶಿಪ್ ಕೂಡ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಒಟ್ಟು ಅಂಕದ ನಿಯಮ ಮಾತ್ರ ಹಾಗೇ ಇದೆ.

ಎಸಿಸಿಎಯಲ್ಲಿ 13 ಪೇಪರ್. ನನ್ನ ಬಿ.ಕಾಂ.ಗೆ ನಾಲ್ಕು ಬಿಟ್ಟರು, ಆ ನಾಲ್ಕಕ್ಕೂ ಫೀಸು ಕಟ್ಟಬೇಕು. ಉಳಿದ ಒಂಬತ್ತನ್ನು ಒಂದೊಂದಾಗಿ ಬರೆಯಬಹುದು. 50 ಬಂದರೆ ಆ ಪೇಪರ್ ಮುಗಿಯಿತು. ವರ್ಷಕ್ಕೆ ನಾಲ್ಕು ಅವಕಾಶ: ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್. ಡಿಸೆಂಬರ್ ಅಂದರೆ ನಮ್ಮಲ್ಲಿ ಅರೇಬಿಕಾ ಕೊಯ್ಲು. ಮನೆಯಲ್ಲಿ ಕೆಲಸದವರ ಲೆಕ್ಕ ಬರೆಯುವವಳು ನಾನೇ, ಆದ್ದರಿಂದ ಆ ಸಲ ಒಂದೇ ಪೇಪರ್ ಇಟ್ಟುಕೊಳ್ಳುತ್ತಿದ್ದೆ. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಬರೆದು ಬರುತ್ತಿದ್ದೆ. ಎರಡೂವರೆ ವರ್ಷ ಹಿಡಿಯಿತು.

ಪರೀಕ್ಷೆ ಆದ ಮೇಲೂ ಸದಸ್ಯತ್ವಕ್ಕೆ 36 ತಿಂಗಳ ಅನುಭವ ಬೇಕು. ಇಲ್ಲಿ ನನ್ನ ಆರ್ಟಿಕಲ್‌ಶಿಪ್ ಕೈ ಹಿಡಿಯಿತು. ಮೈಸೂರಿನಲ್ಲಿ ನಾನು ದುಡಿದ ಸಿಎ ಸರ್ ಸಹಿ ಹಾಕಿದರು. ಕೆಲಸ ನೋಡಿಕೊಂಡವರು ಮಾನ್ಯತೆ ಇರುವ ಅಕೌಂಟೆಂಟ್ ಆಗಿದ್ದರೆ ಸಾಕು, ಎಸಿಸಿಎಯವರೇ ಆಗಬೇಕಿಲ್ಲ. ಸಿಎ ಬಿಟ್ಟವರು ಆ ವರ್ಷಗಳು ಹೋದವು ಅಂದುಕೊಳ್ಳುತ್ತಾರೆ. ಕೆಲಸದ ಡೈರಿ ಇದ್ದರೆ ಎಲ್ಲ ಬಳಕೆಗೆ ಬರುತ್ತದೆ.

ಸಿಪಿಎ ನಾಲ್ಕೇ ಪೇಪರ್. ಮೂರು ಎಲ್ಲರಿಗೂ ಒಂದೇ, ಒಂದು ನಮ್ಮ ಆಯ್ಕೆ, ಪಾಸಿಗೆ 75. ಬೆಂಗಳೂರಿನಲ್ಲೇ ಬರೆಯಬಹುದು. ಬೇಗ ಮುಗಿಯುತ್ತದೆ ಅಂತ ನನಗೂ ಆಸೆ ಆಯಿತು. ಒಂದು ಕೋಚಿಂಗ್ ಸೆಂಟರ್‌ನವರು ಬಿ.ಕಾಂ. ಸಾಕು ಅಂದರು, ಮುಂಗಡ ಕಟ್ಟಿದೆ. ಆಮೇಲೆ, ನಮ್ಮ ಪದವಿ ಅಮೆರಿಕದಲ್ಲಿ ಎಷ್ಟು ಕ್ರೆಡಿಟ್‌ಗೆ ಸಮ ಅಂತ ನೋಡುವ ಮೌಲ್ಯಮಾಪನಕ್ಕೆ ಅಂಕಪಟ್ಟಿಗಳನ್ನು ಕಳಿಸಿದೆ. ಮೂರು ವರ್ಷದ ಪದವಿಗೆ ಬಂದದ್ದು 90 ಕ್ರೆಡಿಟ್. ಎಷ್ಟೋ ರಾಜ್ಯಗಳಲ್ಲಿ ಪರೀಕ್ಷೆಗೆ ಕೂರಲು 120 ಬೇಕು, ಲೈಸೆನ್ಸ್‌ಗೆ ಆಗ 150 ಬೇಕಿತ್ತು. ನಾನು ಎಂ.ಕಾಂ. ಮಾಡಿದ್ದರೆ ಇನ್ನೊಂದು 60 ಸೇರಿ ಸರಿಯಾಗಿ 150 ಆಗುತ್ತಿತ್ತು. ಮಾಡಿರಲಿಲ್ಲ. ಮುಂಗಡ ವಾಪಸ್ ಬರಲಿಲ್ಲ. ಹಾಗಾಗಿ ಮೌಲ್ಯಮಾಪನ ಮೊದಲು, ಕೋಚಿಂಗ್ ಫೀಸು ಆಮೇಲೆ.

ಇನ್ನೊಂದು ಮಾತು: ಸಿಪಿಎ ಆದ ಮಾತ್ರಕ್ಕೆ ಅಮೆರಿಕದ ವೀಸಾ ಸಿಗುವುದಿಲ್ಲ. ನನಗೆ ಗೊತ್ತಿರುವ ಇಬ್ಬರು ಸಿಪಿಎ ಮುಗಿಸಿ ಬೆಂಗಳೂರಿನಲ್ಲೇ ಅಮೆರಿಕದ ತೆರಿಗೆ ಕೆಲಸ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸವೇ, ಆದರೆ ಅವರು ಹೊರಟಿದ್ದು ಅದಕ್ಕಲ್ಲ.

ಗಲ್ಫ್ ಮಾತ್ರ ಮನಸ್ಸಿನಲ್ಲಿದ್ದರೆ ಸಿಎ ಮುಗಿಸಿದವರಿಗೆ ಅಲ್ಲಿ ತುಂಬಾ ಬೆಲೆ ಇದೆ. ನನ್ನ ಮೇಲಿನ ಮ್ಯಾನೇಜರ್ ನಮ್ಮ ದೇಶದ ಸಿಎಯೇ. ಮುಂದೆ ಊರಿಗೆ ಬಂದು ಆಡಿಟ್‌ಗೆ ಸಹಿ ಹಾಕುವ ಯೋಚನೆ ಇದ್ದರೂ ಸಿಎಯೇ ಬೇಕು, ಬರೀ ಎಸಿಸಿಎ ಇಟ್ಟುಕೊಂಡು ಇಲ್ಲಿ ಸಹಿ ಹಾಕುವಂತಿಲ್ಲ. ಗಲ್ಫ್ ಜೊತೆ ಇಂಗ್ಲೆಂಡ್, ಐರ್ಲೆಂಡ್, ಸಿಂಗಾಪುರ ಎಲ್ಲದಕ್ಕೂ ಬಾಗಿಲು ತೆರೆದಿರಲಿ ಅಂದರೆ ನಾನು ಎಸಿಸಿಎ ಅನ್ನುತ್ತೇನೆ.

ಹುಡುಗಿಗೆ ಐರ್ಲೆಂಡ್‌ನಲ್ಲಿ ನರ್ಸ್ ಆಗಿರುವ ಅಕ್ಕ ಇದ್ದಾಳೆ, ಅಲ್ಲಿಗೇ ಹೋಗುವ ಆಸೆ. ಎಸಿಸಿಎಗೆ ಹೆಸರು ಹಚ್ಚಿದ್ದಾಳೆ. ಮೊದಲ ಪೇಪರ್ ಮಾರ್ಚ್‌ಗೆ, ಕೊಯ್ಲು ಮುಗಿದ ಮೇಲೆ.