ನಾಲ್ಕು ನಂಬರ್ ಸಾಲಾಗಿ ಕೊಟ್ಟೆ, ನಾಲ್ಕು ಜನ ನಾಲ್ಕು ಕಡೆ ಆದೆವು: ಸ್ಲೀಪರ್ ಬಸ್ ಬುಕ್ ಮಾಡುವವರು ಓದಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಏಜೆಂಟ್ ವಾಟ್ಸಾಪಿನಲ್ಲಿ ಸೀಟ್ ಮ್ಯಾಪಿನ ಸ್ಕ್ರೀನ್‌ಶಾಟ್ ಕಳಿಸಿ "ಯಾವ ನಂಬರ್ ಬೇಕು ಹೇಳಿ" ಅಂದರೆ, ದಯವಿಟ್ಟು ನನ್ನ ಹಾಗೆ ನಂಬರ್ ಟೈಪ್ ಮಾಡಿ ಕಳಿಸಬೇಡಿ.

ಹೋದ ವಾರ ಶಿರಸಿಯಲ್ಲಿ ಅಕ್ಕನ ಮನೆ ಗೃಹಪ್ರವೇಶ ಇತ್ತು. ಮನೆಯವರು ಎರಡು ದಿನ ಮೊದಲೇ ಹೋಗಿದ್ದರು. ಬೆಂಗಳೂರಿಂದ ಹೊರಟವರು ನಾವು ನಾಲ್ಕು ಜನ: ನಾನು, ಅಮ್ಮ, 13 ವರ್ಷದ ಮಗಳು, 6 ವರ್ಷದ ಮಗ. ಅಮ್ಮನಿಗೆ ಮಂಡಿ ನೋವು, ಏಣಿ ಹತ್ತಿ ಮೇಲಿನ ಬರ್ತ್‌ಗೆ ಹೋಗೋಕೆ ಆಗಲ್ಲ. ಹಾಗಾಗಿ ನಾನು ಕೇಳಿದ್ದು ಎರಡೇ. ಎಲ್ಲಾ ಲೋವರ್ ಬೇಕು, ನಾಲ್ಕೂ ಅಕ್ಕಪಕ್ಕ ಬೇಕು. ಅಂದರೆ ಎರಡು ಡಬಲ್ ಬರ್ತ್. ಅಮ್ಮ-ಮಗಳು ಒಂದರಲ್ಲಿ, ನಾನು-ಪುಟ್ಟ ಇನ್ನೊಂದರಲ್ಲಿ. ಇದರಲ್ಲಿ ಅರ್ಥ ಆಗದೇ ಇರುವಂಥದ್ದು ಏನಿದೆ?

ಏಜೆಂಟ್ ಹೊಸಬರಲ್ಲ. ನಮ್ಮ ಏರಿಯಾದವರೇ, ಎರಡು ಮೂರು ಸಲ ಅವರ ಹತ್ತಿರ ಟಿಕೆಟ್ ಮಾಡಿಸಿದ್ದೇನೆ. ಬೆಳಿಗ್ಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಅದರಲ್ಲಿ ಬಾಕ್ಸ್ ಇತ್ತು, ಬಾಕ್ಸ್ ಮೇಲೆ ದರ ಇತ್ತು, ₹1150. ನಂಬರ್ ಇರಲಿಲ್ಲ. ತುಂಬಿದವು ಬೂದು ಬಣ್ಣ, ಖಾಲಿ ಇರುವವು ಬಿಳಿ, ಹಿಂದೆ ಒಂದು ಪಿಂಕ್. ಚಿತ್ರದ ಕೆಳಗೆ ಅವರೇ ಟೈಪ್ ಮಾಡಿದ್ದರು: "ಲೋವರ್ ಖಾಲಿ L7 L8 L9 L10 L12 L13. ಬೇಗ ಹೇಳಿ ಮೇಡಂ, ಹೋಗ್ತಾ ಇದೆ."

ಈಗ ನನ್ನ ಜಾಗದಲ್ಲಿ ನಿಂತು ನೋಡಿ. ಚಿತ್ರದಲ್ಲಿ ಎರಡನೇ ಸಾಲಿನಲ್ಲಿ ಒಂದು ಜೋಡಿ ಖಾಲಿ, ಮೂರನೇ ಸಾಲಿನಲ್ಲೂ ಒಂದು ಜೋಡಿ ಖಾಲಿ. ಹಿಂದೆ ಇನ್ನೆರಡು ಬಿಡಿ ಬಾಕ್ಸ್. ಪಟ್ಟಿಯಲ್ಲಿ 7, 8, 9, 10 ಒಟ್ಟಿಗೆ ಇವೆ, 12, 13 ಬೇರೆ ಇವೆ. ಯಾರೇ ಆದರೂ ಏನಂದುಕೊಳ್ತಾರೆ? ಎರಡು ಜೋಡಿ ಅಂದರೆ 7-8 ಮತ್ತು 9-10, ಹಿಂದಿನ ಬಿಡಿ ಎರಡು 12 ಮತ್ತು 13. ನಾನೂ ಹಾಗೇ ಅಂದುಕೊಂಡೆ. "L7 L8 L9 L10" ಅಂತ ಕಳಿಸಿದೆ. ಸುಮ್ನೆ ಕಳಿಸಲಿಲ್ಲ, ಕೇಳಿಯೇ ಕಳಿಸಿದೆ. "ನಾಲ್ಕೂ ಅಕ್ಕಪಕ್ಕ ತಾನೆ?" ಅಂತ. ಅವರ ಉತ್ತರ ಇನ್ನೂ ನನ್ನ ಫೋನಿನಲ್ಲಿದೆ: "ಹೌದು ಮೇಡಂ, ಒಂದೇ ಲೈನು."

ಒಂದೇ ಲೈನು. ಈ ಮಾತನ್ನು ನೆನಪಿಟ್ಟುಕೊಳ್ಳಿ.

₹4600 ಹಾಕಿದೆ. ಟಿಕೆಟ್ ಬಂತು. ಟಿಕೆಟಿನಲ್ಲಿ ಹೆಸರು, ವಯಸ್ಸು, ನಂಬರ್ ಅಷ್ಟೇ ಇರುತ್ತೆ, ಮ್ಯಾಪ್ ಇರಲ್ಲ. ನಾಲ್ಕು ನಂಬರ್ ಸರಿಯಾಗಿವೆ ಅಂತ ನೋಡಿ ಫೋನ್ ಇಟ್ಟೆ.

ರಾತ್ರಿ ಯಶವಂತಪುರದಲ್ಲಿ ಬಸ್ ಹತ್ತಿದೆವು. ಕರ್ಟನ್ ಪಕ್ಕದಲ್ಲಿ ಅಂಟಿಸಿದ್ದ ನಂಬರ್ ಹುಡುಕುತ್ತಾ ಹೋದೆ. L7 ಕಿಟಕಿ ಕಡೆ ಸಿಕ್ಕಿತು. ಅದರ ಪಕ್ಕದ ಹಾಸಿಗೆ L8 ಇರಬೇಕು ಅಲ್ವಾ? ಅಲ್ಲಿ ಬರೆದಿದ್ದು L12. ಒಬ್ಬ ಹುಡುಗಿ ಆಗಲೇ ಹೊದ್ದು ಕೂತಿದ್ದಳು. L8 ಎಲ್ಲಿ? ಹಿಂದಿನ ಬರ್ತ್‌ನ ಕಿಟಕಿ ಕಡೆ. L9 ಅದರ ಹಿಂದೆ. L10 ಕೊನೆಯಲ್ಲಿ. ಆ ಬಸ್ಸಿನ ಕೆಳಗಿನ ನಂಬರ್ ಹೀಗಿತ್ತು:

```
ಮುಂದೆ (ಡ್ರೈವರ್)
ಸಿಂಗಲ್ | ದಾರಿ | ಡಬಲ್
L1            L11  L6
L2            L12  L7
L3            L13  L8
L4            L14  L9
L5            L15  L10
ಹಿಂದೆ
```

ನಂಬರ್ ಅಡ್ಡಕ್ಕೆ ಹೋಗಿಲ್ಲ, ಉದ್ದಕ್ಕೆ ಹೋಗಿದೆ. ಸಿಂಗಲ್ ಕಡೆ 1ರಿಂದ 5, ಕಿಟಕಿ ಕಡೆ 6ರಿಂದ 10, ದಾರಿ ಕಡೆ 11ರಿಂದ 15. ನಾನು ಕೊಟ್ಟ ನಾಲ್ಕು ನಂಬರ್ ಒಂದರ ಹಿಂದೆ ಒಂದು. ಒಂದೇ ಲೈನು! ನಾಲ್ಕು ಡಬಲ್ ಬರ್ತ್‌ಗಳಲ್ಲಿ ನಮ್ಮ ನಾಲ್ಕು ಜನ, ಪ್ರತಿಯೊಬ್ಬರ ಪಕ್ಕದಲ್ಲೂ ಒಬ್ಬರು ಗುರುತಿಲ್ಲದವರು. ಸೀಟರ್ ಬಸ್ಸಾದರೆ ಕೈಗೆ ಕೈ ತಾಗಬಹುದು, ಅಷ್ಟೇ. ಸ್ಲೀಪರ್ ಡಬಲ್ ಅಂದರೆ ಒಂದೇ ಹಾಸಿಗೆ, ಒಂದೇ ಕರ್ಟನ್, ರಾತ್ರಿ ಪೂರ್ತಿ. L10ರಲ್ಲಿ ನನ್ನ 6 ವರ್ಷದ ಮಗನ ಹೆಸರು. ಅದರ ಪಕ್ಕ L15ರಲ್ಲಿ ಒಬ್ಬ ಗಂಡಸು, ಆಗಲೇ ಮಲಗಿದ್ದರು.

ಹೊಟ್ಟೆ ಉರಿಯುವ ವಿಷಯ ಇದಲ್ಲ. ಪಟ್ಟಿಯನ್ನು ಇನ್ನೊಂದು ಸಲ ನೋಡಿ. L12, L13 ಖಾಲಿ ಇದ್ದವು! ಬುಕ್ ಮಾಡುವಾಗ ಖಾಲಿ ಇದ್ದವು! L7 ಜೊತೆ L12, L8 ಜೊತೆ L13 ತಗೊಂಡಿದ್ದರೆ ನನಗೆ ಬೇಕಾಗಿದ್ದ ಎರಡು ಡಬಲ್, ಒಂದರ ಹಿಂದೆ ಒಂದು, ಅದೇ ದುಡ್ಡಿಗೆ ಸಿಗುತ್ತಿತ್ತು. ನಾನು ಚಿತ್ರದಲ್ಲಿ ನೋಡಿದ ಎರಡು ಜೋಡಿ ನಿಜವಾಗಿ ಅವೇ. ಯಾವುದನ್ನು ಹಿಂದಿನ ಬಿಡಿ ಸೀಟು ಅಂದುಕೊಂಡೆನೋ, ಅವೇ ನನ್ನ ಜೋಡಿ ಸೀಟು.

ಬಸ್ಸಿಂದಲೇ ಏಜೆಂಟಿಗೆ ಫೋನ್ ಮಾಡಿದೆ.

"ಅಕ್ಕಪಕ್ಕ ಅಂದಿರಲ್ಲ?"

"ಲೈನಾಗಿದೆ ಅಂದೆ ಮೇಡಂ. ಲೈನಾಗೇ ಇದೆ."

"ನಾನು ಕೇಳಿದ್ದು ಅಕ್ಕಪಕ್ಕ. ನೀವು ಹೌದು ಅಂದಿದ್ದು."

"ನಂಬರ್ ಕೊಟ್ಟಿದ್ದು ನೀವೇ ತಾನೆ? ಕೊಟ್ಟ ನಂಬರ್ ಹಾಕಿದೀನಿ."

ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಬೇಕಲ್ವಾ, ಮಗು ಅಲ್ವಾ ಅಂದೆ. ಅದಕ್ಕೆ ಅವರು ಹೇಳಿದ ಮಾತು ಕೇಳಿ ನನಗೆ ಮೈಯೆಲ್ಲ ಉರಿದು ಹೋಯಿತು. "ನೋಡೇ ಹಾಕಿದ್ದು ಮೇಡಂ. L10 ಪಕ್ಕ ಜೆಂಟ್ಸ್ ಇದ್ರು. ಅದಕ್ಕೇ ಅಲ್ಲಿ ಲೇಡೀಸ್ ಹಾಕದೆ ನಿಮ್ಮ ಮಗನ ಹೆಸರು ಹಾಕಿದೆ."

ಅಂದರೆ ಮ್ಯಾಪ್ ಅವರ ಕಣ್ಣ ಮುಂದೆ ಇತ್ತು. ಪಕ್ಕದಲ್ಲಿ ಬೇರೆಯವರು ಇದ್ದಾರೆ ಅಂತ ಗೊತ್ತಿತ್ತು. ಒಂದು ನಂಬರ್ ಎದುರಿಗೆ ಒಂದು ಹೆಸರು, ಗಂಡೋ ಹೆಣ್ಣೋ ಅಂತ ಅವರೇ ತುಂಬಿದ್ದಾರೆ. ಆಗಲೂ "ಮೇಡಂ, ಇವು ಜೋಡಿ ಅಲ್ಲ" ಅಂತ ಒಂದು ಮೆಸೇಜ್ ಹಾಕಲಿಲ್ಲ. ಆ ಮೇಲೆ ಫೋನ್ ಎತ್ತಲೇ ಇಲ್ಲ.

ಬಸ್ಸಿನ ಹುಡುಗನನ್ನು ಕರೆದೆ. "ಟಿಕೆಟ್ ಪ್ರಕಾರ ಸರಿ ಇದೆ ಮೇಡಂ, ನೀವೇ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದ. ಅವನ ತಪ್ಪಲ್ಲ. L12ರ ಹುಡುಗಿಯನ್ನು ಕೇಳಿಕೊಂಡೆ, ನನ್ನ ಮಗಳ L9ಗೆ ಹೋಗಮ್ಮ, ಅದು ಕಿಟಕಿ ಕಡೆ, ಪಕ್ಕದಲ್ಲೂ ಲೇಡೀಸ್ ಇದ್ದಾರೆ ಅಂತ. ಪುಣ್ಯಾತ್ಗಿತ್ತಿ, ಹೊದಿಕೆ ಎತ್ತಿಕೊಂಡು ಹೋದಳು. ಅಮ್ಮ-ಮಗಳು ಒಟ್ಟಿಗೆ ಆದರು. ನನ್ನ ಪಕ್ಕ L13ರಲ್ಲಿದ್ದವರನ್ನು ಕೇಳಿದೆ. ಅವರು ಹೋಗಬೇಕಾಗಿದ್ದು L10ಕ್ಕೆ, ಆ ಗಂಡಸಿನ ಪಕ್ಕ. "ನಾನು ಲೇಡೀಸ್ ಪಕ್ಕ ಅಂತಲೇ ನೋಡಿ ಬುಕ್ ಮಾಡಿದ್ದು" ಅಂದರು. ನ್ಯಾಯವಾದ ಮಾತು. ನಾನಾದರೂ ಹೋಗುತ್ತಿರಲಿಲ್ಲ. ಕೊನೆಗೆ ಪುಟ್ಟನನ್ನು ನನ್ನ ಅರ್ಧ ಹಾಸಿಗೆಯಲ್ಲೇ ಕಿಟಕಿಗೆ ಒತ್ತಿ ಮಲಗಿಸಿಕೊಂಡೆ. ನಾನು ಒಂದೇ ಮಗ್ಗುಲಲ್ಲಿ ಶಿರಸಿಯವರೆಗೆ. ₹1150 ಕೊಟ್ಟ L10 ಬೆಳಗಿನವರೆಗೆ ಖಾಲಿ.

ಹೇಳಬೇಕಾಗಿದ್ದು ಇಷ್ಟೇ. ಸೀಟ್ ನಂಬರ್ ಸಾಲಾಗಿದ್ದ ಮಾತ್ರಕ್ಕೆ ಸೀಟು ಅಕ್ಕಪಕ್ಕ ಇರಲ್ಲ. ಒಂದೊಂದು ಬಸ್ಸಿಗೆ ಒಂದೊಂದು ಥರ ನಂಬರ್ ಹಾಕಿರುತ್ತಾರೆ. ನಂಬರ್ ಇಲ್ಲದ ಚಿತ್ರ ಒಂದು ಕಡೆ, ಚಿತ್ರ ಇಲ್ಲದ ನಂಬರ್ ಇನ್ನೊಂದು ಕಡೆ ಕೊಟ್ಟರೆ, ಎರಡನ್ನೂ ಸೇರಿಸುವ ಕೆಲಸ ನಮ್ಮ ತಲೆ ಮೇಲೆ ಬೀಳುತ್ತೆ. ಅಲ್ಲೇ ನಾನು ಬಿದ್ದಿದ್ದು. ನಂಬರ್ ಕಳಿಸಬೇಡಿ. ಸ್ಕ್ರೀನ್‌ಶಾಟ್ ಮೇಲೆಯೇ ಬೇಕಾದ ಬಾಕ್ಸ್‌ಗಳಿಗೆ ಬೆರಳಲ್ಲಿ ಸುತ್ತು ಹಾಕಿ ವಾಪಸ್ ಕಳಿಸಿ, ಇವುಗಳ ನಂಬರ್ ಏನು ಅಂತ ಅವರನ್ನೇ ಕೇಳಿ. ಬುಕಿಂಗ್ ಸ್ಕ್ರೀನಿನಲ್ಲಿ ಬಾಕ್ಸ್ ಆರಿಸಿದ ಮೇಲೆ ಅದರ ನಂಬರ್ ಬರುತ್ತೆ, ಆ ಸ್ಕ್ರೀನನ್ನೇ ಕಳಿಸಿ ಅನ್ನಿ. ಸ್ಟೀರಿಂಗ್ ಗುರುತು ಕಾಣಬೇಕು, ಲೋವರೋ ಅಪ್ಪರೋ ಅನ್ನೋದೂ ಕಾಣಬೇಕು. ಕತ್ತರಿಸಿದ ಚಿತ್ರ ಬೇಡವೇ ಬೇಡ. ಇನ್ನೊಂದು, ಹೆಸರನ್ನು ಜೋಡಿ ಮಾಡಿ ಬರೆಯಿರಿ. ನಾನು ಹೀಗೆ ಬರೆದಿದ್ದರೆ ಅವರು "ಒಂದೇ ಲೈನು" ಅಂತ ಜಾರಿಕೊಳ್ಳೋಕೆ ಆಗುತ್ತಲೇ ಇರಲಿಲ್ಲ:

```
ಒಂದು ಡಬಲ್: ಅಮ್ಮ + ಮಗಳು
ಇನ್ನೊಂದು ಡಬಲ್: ನಾನು + ಮಗ
ಪಕ್ಕದಲ್ಲಿ ಬೇರೆ ಯಾರೂ ಬರಬಾರದು
```

ಕಡೇ ಸಾಲನ್ನು ಬಿಡಬೇಡಿ. "ಅಕ್ಕಪಕ್ಕ" ಅನ್ನೋ ಪದಕ್ಕೆ ಅವರದೇ ಅರ್ಥ ಇರುತ್ತೆ. "ಬೇರೆ ಯಾರೂ ಬರಬಾರದು" ಅನ್ನೋದಕ್ಕೆ ಒಂದೇ ಅರ್ಥ.

ಸಿನಿಮಾಗೂ ಇದೇ ಗೋಳು. ಅಲ್ಲಿ ನಂಬರ್ ಅಡ್ಡಕ್ಕೇ ಹೋಗುತ್ತೆ ನಿಜ, ಆದರೆ ನಡುವೆ ಓಡಾಡುವ ದಾರಿ ಬಂದರೂ ನಂಬರ್ ನಿಲ್ಲಲ್ಲ. 8 ದಾರಿಯ ಈಚೆ, 9 ದಾರಿಯ ಆಚೆ ಇರಬಹುದು. ಚಿತ್ರದಲ್ಲಿ ಸಣ್ಣ ಸಂದು ಕಾಣುತ್ತೆ, ಟೈಪ್ ಮಾಡಿದ ಪಟ್ಟಿಯಲ್ಲಿ ಕಾಣಲ್ಲ.

ಊರಿಂದ ಬಂದ ಮೇಲೆ ಏಜೆಂಟಿಗೆ L10ರ ದುಡ್ಡಾದರೂ ವಾಪಸ್ ಕೊಡಿ ಅಂತ ಮೆಸೇಜ್ ಹಾಕಿದೆ. "ಪ್ರಯಾಣ ಆದ ಮೇಲೆ ರಿಫಂಡ್ ಬರಲ್ಲ ಮೇಡಂ. ಮುಂದಿನ ಸಲ ಒಳ್ಳೆ ಸೀಟ್ ಕೊಡ್ತೀನಿ" ಅಂದರು. ಕ್ಷಮಿಸಿ ಅನ್ನೋ ಒಂದು ಪದ ಇಲ್ಲ.

ವಾಪಸ್ ಬರುವ ಟಿಕೆಟ್ ನಾನೇ ಮಾಡಿದ್ದೆ, ಶಿರಸಿಯಲ್ಲಿ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅದು ಬೇರೆ ಬಸ್. L7-L12 ಜೋಡಿ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು, ಅದನ್ನೇ ಒತ್ತೋಕೆ ಹೋದೆ. "ತಡಿ ಚಿಕ್ಕಿ, ಒಂದೊಂದೇ ಮುಟ್ಟಿ ನೋಡು" ಅಂದ. ಮುಟ್ಟಿದರೆ ಆ ಬಸ್ಸಿನಲ್ಲಿ ನಂಬರ್ ಅಡ್ಡಕ್ಕೆ ಹೋಗಿತ್ತು. L7 ಒಂಟಿ ಸಿಂಗಲ್, L12 ಅದರ ಹಿಂದಿನ ಸಾಲಿನ ಕಿಟಕಿ ಕಡೆ. L5-L6 ಒಂದು ಜೋಡಿ, L8-L9 ಅದರ ಹಿಂದಿನ ಜೋಡಿ. ಆ ನಾಲ್ಕನ್ನು ತಗೊಂಡೆ. ಬಸ್ ಹತ್ತಿದ ತಕ್ಷಣ ಮೊದಲು ನಂಬರ್ ನೋಡಿದೆ, ಆಮೇಲೆ ಬ್ಯಾಗ್ ಇಟ್ಟೆ.