ಹೆಂಚು ಕೈಯಾಡಿಸಿದ್ದೆವು, ಆದರೂ ಕಾಗದಪತ್ರ ನೆನೆದವು

2019ರ ಆಗಸ್ಟ್ ಮೊದಲ ವಾರ, ಆಶ್ಲೇಷ ಮಳೆ ಹಿಡಿದು ಮೂರನೇ ದಿನ. ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಹೆಂಚಿನ ಮನೆಯಲ್ಲಿ ನಡುರಾತ್ರಿ ಅಟ್ಟದ ಮೇಲೆ ತಟ್ ತಟ್ ಸದ್ದು ಶುರುವಾಯಿತು. ಕರೆಂಟ್ ಹೋಗಿ ಎರಡು ದಿನವಾಗಿತ್ತು. ಚಾರ್ಜಿನ ಟಾರ್ಚ್ ಒತ್ತಿದರೆ ಕೆಂಪಗೆ ಮಿಣುಕಿ ಆರಿತು. ಸೆಲ್ಲಿನ ಟಾರ್ಚ್ ಬಿಚ್ಚಿದರೆ ಹಿಂದಿನ ವರ್ಷದ ಸೆಲ್ಲು ಒಳಗೇ ಸೋರಿ, ಸ್ಪ್ರಿಂಗಿಗೆ ಬಿಳಿ ಪುಡಿ ಕಟ್ಟಿತ್ತು. ತಂಡಿ ಹಿಡಿದ ಬೆಂಕಿಪೊಟ್ಟಣದಲ್ಲಿ ಕಡ್ಡಿ ಗೀರಿ ಗೀರಿ, ಮೇಣದಬತ್ತಿ ಹಚ್ಚಿ ಅಟ್ಟ ಹತ್ತುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಕಾಗದಪತ್ರ ಇಟ್ಟಿದ್ದ ಮರದ ಪೆಟ್ಟಿಗೆಯ ಮುಚ್ಚಳದ ಸಂದಿಯಿಂದ ನೀರು ಒಳಗಿಳಿಯುತ್ತಿತ್ತು.

ನಾವು ಮಳೆಗಾಲಕ್ಕೆ ಏನೂ ಮಾಡಿರಲಿಲ್ಲ ಅಂತಲ್ಲ. ಮೇ ತಿಂಗಳಲ್ಲೇ ಆಳು ಕರೆಸಿ ಹೆಂಚು ಕೈಯಾಡಿಸಿದ್ದೆವು. ಮಂಗ ಹಾರಿ ಒಡೆದವನ್ನೆಲ್ಲ ಬದಲಿಸಿದ್ದೆವು. ಹಾಗಿದ್ದೂ ಸೋರಿದ್ದು ಯಾಕೆ ಅಂತ ಗೊತ್ತಾಗಿದ್ದು ಮಳೆ ಹೊಳವಾದ ಮೇಲೆ. ಮುಖ್ಯ ಮನೆಯ ಮಾಡೂ ಅಡುಗೆಮನೆಯ ಮಾಡೂ ಕೂಡುವ ಕಡೆ ನೀರಿಳಿಯಲು ತಗಡಿನ ದೋಣಿ ಇರುತ್ತದಲ್ಲ, ಅದರ ತುಂಬ ಹಲಸಿನ ಎಲೆ ಕೊಳೆತು ಕೂತಿತ್ತು. ಮುಂದೆ ಹೋಗಲಾರದ ನೀರು ಹಿಂದಕ್ಕೆ ಏರಿ ಹೆಂಚಿನಡಿಗೆ ನುಗ್ಗಿ, ಪಕಾಸಿಯ ಬೆನ್ನು ಹಿಡಿದು ಆರೇಳು ಅಡಿ ಹರಿದು, ಗಂಟು ಸಿಕ್ಕಲ್ಲಿ ತೊಟ್ಟಿಕ್ಕಿತ್ತು. ಆ ಗಂಟಿನ ಕೆಳಗೇ ನಮ್ಮ ಪೆಟ್ಟಿಗೆ. "ಹೆಂಚೆಲ್ಲ ಸರಿ ಇತ್ತಣ್ಣ, ದೋಣಿ ನೋಡಿ ಅಂತ ನೀವು ಹೇಳ್ಲಿಲ್ಲ, ನಾನೂ ನೋಡ್ಲಿಲ್ಲ" ಅಂದ ಕೆಲಸದವನು.

ಹೀಗಾಗಿ ತೊಟ್ಟಿಕ್ಕುವ ಜಾಗದ ನೇರ ಮೇಲಿನ ಹೆಂಚು ಬದಲಿಸಿ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಪಕಾಸಿ, ರೀಪಿನ ಮೇಲಿನ ಕಪ್ಪು ಕಲೆ ಹಿಡಿದು ಇಳಿಜಾರಿನ ಮೇಲ್ಬದಿಗೆ ನೋಡುತ್ತಾ ಹೋಗಿ. ಒಡಕು ಹುಡುಕಲು ಮಧ್ಯಾಹ್ನದ ಬಿಸಿಲಲ್ಲಿ ಅಟ್ಟದ ಕಿಟಕಿ ಮುಚ್ಚಿ ಮೇಲೆ ನೋಡಿದರೆ ಸಾಕು, ಬೆಳಕಿನ ಚುಕ್ಕಿ ಕಾಣುತ್ತದೆ. ದೋಣಿಯ ತೊಂದರೆ ಹಾಗೆ ಕಾಣುವುದಿಲ್ಲ. ಎಲೆ ತೆಗೆದು, ಮೇಲಿನ ತುದಿಯಿಂದ ಎರಡು ಕೊಡ ನೀರು ಹೊಯ್ದು, ಒಬ್ಬರು ಒಳಗೆ ನಿಂತು ನೋಡಬೇಕು. ಮರದಡಿಯ ಮನೆಯಾದರೆ ಜುಲೈಯಲ್ಲಿ ಹೊಳವು ಸಿಕ್ಕಾಗ ಇನ್ನೊಮ್ಮೆ ಎಲೆ ತೆಗೆಸಿ. ಹಾವಸೆ ಕಟ್ಟಿದ ಹೆಂಚಿನ ಮೇಲೆ ನೀವೇ ಹತ್ತಬೇಡಿ, ಜಾರುತ್ತದೆ.

ಪೆಟ್ಟಿಗೆಯ ಕಥೆ ಇನ್ನೂ ಬೇಸರದ್ದು. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ್ದೆ, ಆದರೆ ಬಾಯಿ ಮೇಲಕ್ಕೆ, ಬರೀ ಮಡಚಿ. ಚೀಲ ನೀರು ತುಂಬಿಕೊಂಡು ಕೂತಿತ್ತು. ಲ್ಯಾಮಿನೇಶನ್ ಮಾಡಿಸಿದ ಅಂಕಪಟ್ಟಿ ಉಳಿದೀತು ಅಂದುಕೊಂಡೆ. ಬಿಟ್ಟುಕೊಂಡ ಮೂಲೆಯಿಂದ ನೀರು ಹೊಕ್ಕಿತ್ತು, ಒಣಗಿಸಲು ದಾರಿಯಿಲ್ಲ, ಹಾಳೆ ಬಿಡಿಸಿದರೆ ಅಕ್ಷರವೂ ಅದರ ಜತೆಗೇ ಎದ್ದು ಬಂತು. ಅಜ್ಜಯ್ಯನ ಕಾಲದ ಪಾಲುಪಟ್ಟಿಯನ್ನು ಗಾಬರಿಯಲ್ಲಿ ಒಲೆಯ ಪಕ್ಕ ಹರವಿದ್ದು ನನ್ನದೇ ತಪ್ಪು. ಹಾಳೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾದವು. ಒದ್ದೆ ಕಾಗದವನ್ನು ಎಳೆದು ಬಿಡಿಸಬಾರದು, ಬೆಂಕಿಗೂ ಬಿಸಿಲಿಗೂ ಹಿಡಿಯಬಾರದು. ಅಚ್ಚಿಲ್ಲದ ಬಿಳಿ ಕಾಗದದ ನಡುವೆ ಇಟ್ಟು, ಅದನ್ನು ಆಗಾಗ ಬದಲಿಸುತ್ತ, ಗಾಳಿಗೆ ಒಣಗಿಸಬೇಕು. ಎರಡು ದಿನ ಹಾಗೇ ಬಿಟ್ಟರೆ ಬೂಸಲು ಬರುತ್ತದೆ.

ನೋಂದಣಿಯಾಗಿದ್ದ ಕ್ರಯಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಸಿಕ್ಕಿತು. ಪಹಣಿ, ಆಧಾರ್ ಮತ್ತೆ ತೆಗೆಸಬಹುದು. ನೋಂದಣಿಯಾಗದ ಆ ಪಾಲುಪಟ್ಟಿಗೆ ಎಲ್ಲೂ ಪ್ರತಿ ಇರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ, ಮತ್ತೆ ಸಿಗದ ಕೈಬರಹದ ಕಾಗದ ಯಾವುದು ಅಂತ ಮೊದಲು ಆರಿಸಿ. ಇವತ್ತೇ ಅದರ ಫೋಟೋ ತೆಗೆದು ಬೇರೆ ಊರಿನಲ್ಲಿರುವ ಮನೆಯವರಿಗೂ ಕಳಿಸಿಡಿ.

ಈಗ ನಾವು ಏಪ್ರಿಲ್ ಬಿಸಿಲಿರುವಾಗಲೇ ಕಾಗದ ಕಟ್ಟುತ್ತೇವೆ. ಜೂನ್‌ನಲ್ಲಿ ಕಟ್ಟಿದರೆ ತಂಡಿಯೂ ಒಳಗೇ ಸೇರಿಕೊಳ್ಳುತ್ತದೆ. ಜಿಪ್ ಚೀಲ, ಅದರ ಮೇಲೆ ಇನ್ನೊಂದು ಜಿಪ್ ಚೀಲ ಬಾಯಿ ತಿರುಗಿಸಿ, ಆಮೇಲೆ ರಬ್ಬರ್ ಅಂಚಿನ ಡಬ್ಬಿ. ಡಬ್ಬಿ ಇರುವುದು ಅಟ್ಟದಲ್ಲಲ್ಲ, ಒಳಗೋಡೆಯ ಕಪಾಟಿನ ನಡುವಿನ ಅರೆಯಲ್ಲಿ. ಟಾರ್ಚಿನ ಸೆಲ್ಲು ಮಳೆಗಾಲ ಮುಗಿದ ಕೂಡಲೇ ಹೊರಗೆ ಬರುತ್ತದೆ, ಚಾರ್ಜಿನದ್ದಕ್ಕೆ ವರ್ಷವಿಡೀ ತಿಂಗಳಿಗೊಮ್ಮೆ ಚಾರ್ಜು. ಊಟದ ಮಟ್ಟಿಗೆ, ನಾಲ್ಕು ಜನಕ್ಕೆ ಐದು ದಿನ, ಎರಡು ಹೊತ್ತಿಗೆ ಮೂರು ಕಿಲೋ ಅವಲಕ್ಕಿ, ಜತೆಗೆ ಬೆಲ್ಲ, ಹುರಿಗಡಲೆ. ಅವಲಕ್ಕಿಯನ್ನು ಬಿಸಿಲಿಗೆ ಹಾಕಿ, ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು, ಬಿಸಿಯಲ್ಲೇ ಮುಚ್ಚಿದರೆ ಮುಗ್ಗುತ್ತದೆ. ಅದೇ ಡಬ್ಬಿಯಲ್ಲಿ ಎರಡು ಬೆಂಕಿಪೊಟ್ಟಣವನ್ನೂ ಪ್ಲಾಸ್ಟಿಕ್ ಸುತ್ತಿ ಇಡುತ್ತೇವೆ.