ಬಂಕಿನ ಲೆಕ್ಕದಲ್ಲಿ ಇಲ್ಲದ ಕೊರತೆಯನ್ನು ಎಕ್ಸೆಲ್ ತೋರಿಸಿದಾಗ

ನನಗೆ ಪರಿಚಯದ ಪೆಟ್ರೋಲ್ ಬಂಕೊಂದರಲ್ಲಿ ಪ್ರತಿ ಶಿಫ್ಟಿನ ಲೆಕ್ಕಕ್ಕೂ ಒಂದು ಎಕ್ಸೆಲ್ ಹಾಳೆ ಇದೆ. ಹಿಂದೆ ಕೆಲಸದಲ್ಲಿದ್ದ ಲೆಕ್ಕಿಗರೊಬ್ಬರು ಮಾಡಿಟ್ಟು ಹೋದದ್ದು. A ಕಾಲಂನಲ್ಲಿ ಪಂಪಿನ ಮೀಟರಿನ ಆರಂಭದ ಅಂಕಿ, B ಯಲ್ಲಿ ಕೊನೆಯ ಅಂಕಿ, C ಯಲ್ಲಿ ಬಿಲ್ಲುಗಳ ಪ್ರಕಾರ ಮಾರಾಟವಾದ ಲೀಟರ್. D ಯಲ್ಲಿದ್ದ ಸೂತ್ರ ಇದು:

```
=IF(B2-A2=C2,"ಸರಿ","ವ್ಯತ್ಯಾಸ")
```

ಒಂದು ಸಂಜೆ ಆರಂಭ 844650.30, ಕೊನೆ 845162.60, ಬಿಲ್ಲು 512.30 ಇತ್ತು. ಕಳೆದು ನೋಡಿದರೆ ತಾಳೆ ಸರಿಯಾಗಿದೆ. ಆದರೂ ಹಾಳೆ ‘ವ್ಯತ್ಯಾಸ’ ಎಂದಿತು. ಮ್ಯಾನೇಜರ್ ಅಂಕಿಗಳನ್ನು ನೋಡದೆ ಆ ಪದವನ್ನಷ್ಟೇ ನೋಡಿ ಪಂಪಿನ ಹುಡುಗನ ಸಂಬಳಕ್ಕೆ ಕತ್ತರಿ ಹಾಕಲು ಹೊರಟರು. ಒಂದು ಸಮಚಿಹ್ನೆಯನ್ನು ನಂಬಿ ಮನುಷ್ಯನನ್ನು ಕಳ್ಳನೆನ್ನುವುದು ಯಾವ ನ್ಯಾಯ?

ಖಾಲಿ ಕೋಶದಲ್ಲಿ `=(B2-A2-C2)` ಎಂದು ಬರೆದಾಗ ಬಂದ ಉತ್ತರ ಸೊನ್ನೆಯಲ್ಲ, `-6.98E-11`. ಅಂದರೆ ಕಳೆದು ಬಂದದ್ದು 512.3 ಅಲ್ಲ, 512.29999999993. ಎರಡು ದಶಮಾಂಶ ಸ್ಥಾನ ತೋರಿಸುವ ಕೋಶದಲ್ಲಿ ಇದು 512.30 ಎಂದೇ ಕಾಣುತ್ತದೆ. ಫಾರ್ಮ್ಯಾಟ್ ಬದಲಾಯಿಸಿದರೆ ಕಾಣುವ ರೂಪ ಬದಲಾಗುತ್ತದೆಯೇ ಹೊರತು ಹೋಲಿಕೆಗೆ ಸಿಗುವ ಬೆಲೆ ಬದಲಾಗುವುದಿಲ್ಲ.

ಕಾರಣವಿಷ್ಟೆ: ಎಕ್ಸೆಲ್ ಸಂಖ್ಯೆಗಳನ್ನು ದ್ವಿಮಾನದಲ್ಲಿ ಇಡುತ್ತದೆ. ಹತ್ತರ ಲೆಕ್ಕದಲ್ಲಿ ಮೂರನೆಯ ಒಂದು ಭಾಗ 0.333 ಎಂದು ಮುಗಿಯದೆ ಹೋಗುವಂತೆ, ಎರಡರ ಲೆಕ್ಕದಲ್ಲಿ 0.3 ಮತ್ತು 0.6 ಮುಗಿಯುವುದಿಲ್ಲ, ಎಲ್ಲೋ ಕತ್ತರಿಸಲೇಬೇಕು. ಪ್ರತಿ ಸಂಖ್ಯೆಗೆ ಇರುವ ಜಾಗ ಸೀಮಿತ. ಎಂಟು ಲಕ್ಷ ದಾಟಿದ ಮೀಟರ್ ಅಂಕಿಯಲ್ಲಿ ಹೆಚ್ಚಿನ ಜಾಗ ಪೂರ್ಣಾಂಕಕ್ಕೇ ಹೋಗಿ, ದಶಮಾಂಶ ಒರಟಾಗುತ್ತದೆ. ಒಂದರಿಂದ ಇನ್ನೊಂದನ್ನು ಕಳೆದಾಗ ದೊಡ್ಡ ಭಾಗ ಅಳಿದು, ಆ ಒರಟುತನ ಮಾತ್ರ ಹೊರಗೆ ಬೀಳುತ್ತದೆ. ಅದೇ 845162.75 ರಿಂದ 844650.25 ಕಳೆದರೆ 512.5 ಎಂದು ಕರಾರುವಾಕ್ಕಾಗಿ ಬರುತ್ತದೆ, ಏಕೆಂದರೆ ಕಾಲು, ಅರೆ, ಮುಕ್ಕಾಲು ಎರಡರ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತವೆ. ಹಾಗಾಗಿ ಕೆಲವು ದಿನ ‘ಸರಿ’, ಕೆಲವು ದಿನ ‘ವ್ಯತ್ಯಾಸ’. ಈ ಚಂಚಲತೆಯೇ ಅನುಮಾನಕ್ಕೆ ಬಣ್ಣ ಕಟ್ಟಿತು.

ಸರಿಪಡಿಸಿದ ಸೂತ್ರ:

```
=IF(ROUND(B2-A2,2)=ROUND(C2,2),"ಸರಿ","ವ್ಯತ್ಯಾಸ")
```

ಎರಡೂ ಬದಿಗೆ ROUND ಬೇಕು. C2 ನಲ್ಲಿ SUM ಇದ್ದರೆ ಅಲ್ಲಿಯೂ ಇಂಥದೇ ಚೂರು ಉಳಿದಿರಬಹುದು. ಮೀಟರ್ ತೋರಿಸುವುದು ಎರಡು ದಶಮಾಂಶ ಸ್ಥಾನಗಳನ್ನಾದ್ದರಿಂದ ಇಲ್ಲಿ 2. ಅಲ್ಲಿ 0 ಹಾಕಿದರೆ 512.30 ಮತ್ತು 511.80 ಎರಡೂ 512 ಆಗಿ, ಅರ್ಧ ಲೀಟರಿನ ನಿಜವಾದ ಕೊರತೆಯೂ ಮುಚ್ಚಿಹೋಗುತ್ತದೆ.

‘ತೋರಿಸಿದಷ್ಟೇ ನಿಖರತೆ’ ಎಂಬ ಆಯ್ಕೆಯೊಂದು ಎಕ್ಸೆಲ್‌ನಲ್ಲಿದೆ (`Set precision as displayed`). ಅದನ್ನು ಮುಟ್ಟಬೇಡಿ. ಕೋಶಗಳಲ್ಲಿ ಕಾಣಿಸದೆ ಉಳಿದಿರುವ ಅಂಕಿಗಳನ್ನು ಅದು ಇಡೀ ಕಡತದಲ್ಲಿ ಅಳಿಸಿಹಾಕುತ್ತದೆ, ಆಮೇಲೆ ಆಯ್ಕೆಯನ್ನು ತೆಗೆದರೂ ಅವು ಮರಳುವುದಿಲ್ಲ.